ಯೋಜನೆಯಲ್ಲಿ ಬಿಟ್ಟುಹೋದ ಪ್ಯಾರಾ

ಪಂಪ್ ಕಾರ್ಖಾನೆಯ ಆಡಿಟ್‌ಗೆ ಆ ವರ್ಷ ಮೊದಲೇ ಒಂದು ಯೋಜನಾ ಟಿಪ್ಪಣಿ ಬರೆದುಕೊಡಬೇಕೆಂದು ಆಡಿಟ್ ಕಚೇರಿಯ ಯಜಮಾನ ಭಾಲೇರಾವ್ ಸಾಹೇಬರು ಹೇಳಿದಾಗ ಜಯಕರನಿಗೆ ಒಳಗೊಳಗೇ ಹೆಮ್ಮೆಯೆನಿಸಿತು. ಅಲ್ಲಿಯವರೆಗೆ ನಾಸಿಕದ ಆ ಕಚೇರಿಯಲ್ಲಿ ಯೋಜನೆಯೆಂದರೆ ಹಿಂದಿನ ವರ್ಷದ ಫೈಲು ತೆರೆದು ಅದರಂತೆ ನಡೆಯುವುದು. ಆದರೆ ೧೯೭೬ರಲ್ಲಿ ಹಾಗೆ ಮಾಡುವಂತಿರಲಿಲ್ಲ. ಕಂಪನಿಯವರು ದಾಸ್ತಾನನ್ನು ಸರಿಯಾಗಿ ಎಣಿಸಿದ್ದಾರೆಯೇ ಎಂಬುದನ್ನೂ ಆಡಿಟ್ ವರದಿಯಲ್ಲಿ ಹೇಳಬೇಕೆಂದು ಸರ್ಕಾರದ ಹೊಸ ಆದೇಶ ಬಂದಿತ್ತು. ಬೊಂಬಾಯಿಯ ದೊಡ್ಡ ಸಂಸ್ಥೆಯೊಂದರಲ್ಲಿ ಕಲಿತು ಬಂದಿದ್ದ ಭಾಲೇರಾವ್, ಆಡಿಟ್ ಹೇಗೆ ಮಾಡುತ್ತೇವೆ, ಯಾರು ಎಲ್ಲಿಗೆ ಯಾವಾಗ ಹೋಗುತ್ತಾರೆ, ತಪ್ಪು ಎಲ್ಲಿ ನುಸುಳಬಹುದು ಎಂಬುದೆಲ್ಲ ಕೆಲಸಕ್ಕೆ ಮುಂಚೆ ಕಾಗದದ ಮೇಲಿರಬೇಕೆಂದರು.

ಜಯಕರ ಉಡುಪಿ ಕಡೆಯವನು. ನಾಸಿಕದಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವ ಕಿಟ್ಟಣ್ಣನ ಮನೆಯಲ್ಲಿದ್ದು ಓದಿ, ಸಿ.ಎ. ಮುಗಿಸಿ, ಇದೇ ಕಚೇರಿಯಲ್ಲಿ ಮ್ಯಾನೇಜರ್ ಆಗಿದ್ದ. ಟಿಪ್ಪಣಿಯ ಮೊದಲ ಭಾಗಗಳು ಸಲೀಸಾಗಿ ಬಂದವು. ಮೇ ತಿಂಗಳಲ್ಲಿ ಕಾರ್ಖಾನೆಯ ಒಳವ್ಯವಸ್ಥೆಯ ಪರಿಶೀಲನೆ. ವರ್ಷ ಮುಗಿಯುವ ಜೂನ್ ಮೂವತ್ತರಂದು ಸಾತಪುರದ ಕಾರ್ಖಾನೆ, ಸಿನ್ನರದ ಗೋದಾಮು, ಔರಂಗಾಬಾದ್ ಡಿಪೊ ಮೂರರಲ್ಲೂ ಒಂದೇ ದಿನ ಎಣಿಕೆ. ಅಂದು ಸರಕು ಅಲುಗಾಡಕೂಡದು, ಇಲ್ಲದಿದ್ದರೆ ಒಂದು ಕಡೆ ಎಣಿಸಿದ ಪಂಪು ಇನ್ನೊಂದು ಕಡೆಯೂ ಎಣಿಕೆಗೆ ಬಂದುಬಿಡಬಹುದು. ಆಗಸ್ಟಿನಲ್ಲಿ ಅಂತಿಮ ಆಡಿಟ್.

ಅಪಾಯದ ಜಾಗಗಳ ಪಟ್ಟಿ ಮಾತ್ರ ಬಡಕಲಾಗಿ ಕಂಡಿತು. ದಾರಿಯಲ್ಲಿರುವ ಸರಕು, ಹಳತಾದ ಬಿಡಿಭಾಗಗಳು, ವ್ಯಾಪಾರಿಗಳಿಗೆ ಕೊಟ್ಟ ಸಾಲ. ಇವನ್ನು ಯಾರೂ ಬರೆಯಬಹುದಿತ್ತು. ಸಾಹೇಬರು ಓದಿ ಹುಬ್ಬೇರಿಸುವಂಥದ್ದೊಂದು ಬೇಕೆನಿಸಿತು. ಆಗ ವಿಶ್ವನಾಥಪ್ಪನವರ ನೆನಪಾಯಿತು.

ವಿಶ್ವನಾಥಪ್ಪನವರು ಬೀದರ್ ಕಡೆಯವರು, ಐವತ್ತು ದಾಟಿದ ಆಡಿಟ್ ಗುಮಾಸ್ತರು. ಔರಂಗಾಬಾದ್ ಡಿಪೊಗೆ ಬಹಳ ವರ್ಷಗಳಿಂದ ಅವರೇ ಹೋಗುತ್ತಿದ್ದರು. ಹೊಟ್ಟೆ ಹುಣ್ಣಿನಿಂದಾಗಿ ಹೊರಗಿನ ಊಟ ಆಗದ ಅವರು ಡಿಪೊ ಮ್ಯಾನೇಜರ್ ಗುರುಲಿಂಗಪ್ಪನವರ ಮನೆಯಲ್ಲಿ ಉಣ್ಣುತ್ತಿದ್ದರು. ಹಿಂದಿನ ವರ್ಷ ಜಯಕರನೂ ಅಲ್ಲಿಗೆ ಹೋಗಿ, ಗುರುಲಿಂಗಪ್ಪನವರ ಹೆಂಡತಿ ಕಸ್ತೂರಿಬಾಯಿ ಬಡಿಸಿದ ಬಿಸಿ ರೊಟ್ಟಿಯನ್ನು ಕೇಳಿ ಕೇಳಿ ಹಾಕಿಸಿಕೊಂಡಿದ್ದ.

ಅವನು ಬರೆದ: "ಔರಂಗಾಬಾದ್ ಡಿಪೊ. ಮ್ಯಾನೇಜರರೊಂದಿಗೆ ನಮ್ಮ ಗುಮಾಸ್ತರ ಅತಿ ಸಲುಗೆ, ಅವರ ಮನೆಯಲ್ಲಿ ಊಟೋಪಚಾರ. ಎಣಿಕೆಯನ್ನು ನಂಬುವುದು ಕಷ್ಟ. ಗುಮಾಸ್ತರನ್ನು ಬದಲಿಸತಕ್ಕದ್ದು." ಅಲ್ಲಿಗೆ ಸೀನಿಯರ್ ಸಹಾಯಕಿ ಸರೋಜಿನಿಯ ಹೆಸರು ಹಾಕಿದ. ಸಂಬಳ ಮತ್ತು ನೌಕರರ ಕಲ್ಯಾಣದ ಖರ್ಚುಗಳ ಎದುರು ತನ್ನ ಹೆಸರು ಬರೆದುಕೊಂಡ.

ಟಿಪ್ಪಣಿ ಸಾಹೇಬರ ಮೇಜಿಗೆ ಹೋಗಿ ಅಲ್ಲೇ ಉಳಿಯುತ್ತದೆಂದು ಅವನು ತಿಳಿದಿದ್ದ. ಸೋಮವಾರ ಬೆಳಿಗ್ಗೆ ಭಾಲೇರಾವ್ ಎಲ್ಲರನ್ನೂ ಕೋಣೆಗೆ ಕರೆದರು. ಕೆಲಸ ಮಾಡುವವರಿಗೇ ಯೋಜನೆ ಗೊತ್ತಿಲ್ಲದಿದ್ದರೆ ಅದು ಯಾತಕ್ಕೆ ಎಂದು, ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು. ಡಿಪೊದ ಪ್ಯಾರಾ ಹತ್ತಿರ ಬರುತ್ತಿದ್ದಂತೆ ಜಯಕರನಿಗೆ ತಡೆಯಬೇಕೆನಿಸಿತು. ಅಷ್ಟರಲ್ಲಿ ಓದು ಆ ಸಾಲುಗಳಿಗೆ ಬಂದುಬಿಟ್ಟಿತ್ತು. ಸಾಹೇಬರೂ ಅದನ್ನು ಮೊದಲು ಗಮನಿಸಿರಲಿಲ್ಲವೇನೋ, ಕೊನೆಯ ಪದಗಳಿಗೆ ಬರುವಾಗ ದನಿ ಇಳಿಸಿದರು.

ವಿಶ್ವನಾಥಪ್ಪನವರು ಕುಳಿತಲ್ಲಿಂದ ಎದ್ದು ನಿಂತರು. ಮರಾಠಿಯಲ್ಲಿ, ಊಟ ಮಾಡಿದ್ದು ನಿಜ, ಬದಲಿಸುವುದೂ ಸರಿ ಎಂದಷ್ಟೇ ಹೇಳಿ ಕುಳಿತರು. ಜಯಕರನೂ ಅದೇ ಮನೆಯಲ್ಲಿ ಉಂಡಿದ್ದನ್ನು ಅವರು ಹೇಳಲಿಲ್ಲ.

ಭಾಲೇರಾವ್ ಕಾಗದವನ್ನು ಮಡಚಿದರು. "ಈ ವಿಷಯ ಬಂದದ್ದರಿಂದ ಎಲ್ಲರನ್ನೂ ಕೇಳುತ್ತೇನೆ. ಈ ಕಂಪನಿಯೊಂದಿಗೆ ಬೇರೆ ಯಾರಿಗಾದರೂ ಸಂಬಂಧ, ವ್ಯವಹಾರ ಇದೆಯೇ? ಇದ್ದರೆ ಈಗಲೇ ಹೇಳಿ. ಅದನ್ನು ನೋಡಿಕೊಂಡು ಕೆಲಸ ಹಂಚಬೇಕು."

ಇತ್ತು. ಕಾರ್ಖಾನೆಯ ಕ್ಯಾಂಟೀನ್ ಹಿಂದಿನ ವರ್ಷದಿಂದ ಕಿಟ್ಟಣ್ಣನ ಕೈಯಲ್ಲಿತ್ತು. ಆ ಕಂಪನಿಯ ಅಕೌಂಟ್ಸ್ ಮ್ಯಾನೇಜರರ ಕಿವಿಗೆ ಮಾತು ಹಾಕಿದ್ದವನೇ ಜಯಕರ. ಕ್ಯಾಂಟೀನಿನ ಬಿಲ್ಲುಗಳು ಬರುವುದು ಕಲ್ಯಾಣದ ಖರ್ಚಿನಲ್ಲಿ. ಅದನ್ನು ತಪಾಸಣೆ ಮಾಡುವವನೂ ಅವನೇ. ಟಿಪ್ಪಣಿ ಬರೆಯುವಾಗ ಇದು ಅವನ ತಲೆಗೇ ಬಂದಿರಲಿಲ್ಲ. ಅಥವಾ ಬಂದು, ಅದು ಬೇರೆ ಎಂದು ಸರಿಸಿಬಿಟ್ಟಿದ್ದನೋ, ಅವನಿಗೇ ಈಗ ಗೊತ್ತಾಗಲಿಲ್ಲ. ತಲೆ ಎತ್ತಿದಾಗ ವಿಶ್ವನಾಥಪ್ಪನವರು ತನ್ನನ್ನೇ ನೋಡುತ್ತಿದ್ದರು. ಮರುಕ್ಷಣ ಅವರು ಕಿಟಕಿಯತ್ತ ಮುಖ ತಿರುಗಿಸಿದರು.

ಯಾರೂ ಏನೂ ಹೇಳಲಿಲ್ಲ. ಜಯಕರನೂ ಹೇಳಲಿಲ್ಲ. ಸಭೆ ಮುಗಿಯಿತು.

ಹೊರಗೆ ಜಗಲಿಯಲ್ಲಿ ಅವನು ಅವರನ್ನು ಹಿಡಿದ. "ವಿಶ್ವನಾಥಪ್ಪನವರೇ, ಕ್ಯಾಂಟೀನಿನ ವಿಷಯ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತದರೀ. ನಿಮ್ಮ ಮಾವನವ್ರೇ ಹೇಳಿದ್ರು, ಭಾಳ ಖುಷಿಲೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಅವ್ರು ಕೇಳಿದ್ದು ನಿಮ್ಮನ್ನ. ನಿಮ್ಮ ಮಾತು ನಾ ಹ್ಯಾಂಗ ಹೇಳ್ಲಿ ಸಾಹೇಬ್ರ?"

ಅದುವರೆಗೆ ಅವರು ಅವನನ್ನು 'ತಮ್ಮಾ' ಎಂದೇ ಕರೆಯುತ್ತಿದ್ದರು. ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವರು ಕೊಡೆ ಎತ್ತಿಕೊಂಡು ಮೆಟ್ಟಿಲಿಳಿದರು.

ಸಂಜೆ ಹೋಟೆಲಿನಲ್ಲಿ ಮಾವನೆದುರು ಕುಳಿತು ವಿಷಯ ಹೇಳಿದ. ಕಿಟ್ಟಣ್ಣನಿಗೆ ಅರ್ಥವಾಗಲಿಲ್ಲ. "ನಾನೇನು ಕದ್ದಿದ್ದೇನಾ ಮಾರಾಯ? ಇಡ್ಲಿ ಕೊಟ್ಟದ್ದು, ಬಿಲ್ಲು ಕೊಟ್ಟದ್ದು."

"ನೀವು ಏನೂ ಮಾಡಿಲ್ಲ ಮಾವ. ನಾನೇ ಹೇಳಬೇಕಿತ್ತು."

"ಹಾಗಾದ್ರೆ ಹೋಗಿ ಹೇಳು. ಕ್ಯಾಂಟೀನ್ ಹೋದರೆ ಹೋಗಲಿ. ನೀನು ಮುಖ ಹೀಗೆ ಮಾಡಿಕೊಂಡು ಕೂತರೆ ನನಗೆ ಸರಿಯಾಗುವುದಿಲ್ಲ."

ಮರುದಿನ ಅವನು ಸಾಹೇಬರಿಗೆ ಹೇಳಿದ. ಕ್ಯಾಂಟೀನಿನ ಸಂಗತಿ, ತಾನು ಮಾಡಿದ ಶಿಫಾರಸು, ಕಸ್ತೂರಿಬಾಯಿಯ ಮನೆಯ ಊಟ, ನಿನ್ನೆಯ ಮೌನ. ಭಾಲೇರಾವ್ ಎಲ್ಲವನ್ನೂ ಕೇಳಿಸಿಕೊಂಡು ಟಿಪ್ಪಣಿಯನ್ನು ಮುಂದಕ್ಕೆಳೆದುಕೊಂಡರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಡಿಪೊದ ಗುಮಾಸ್ತರನ್ನು ಬದಲಿಸಬೇಕೆಂಬುದು ಸರಿಯೇ ಇತ್ತು," ಎಂದರು ಕೊನೆಗೆ. "ಅಷ್ಟು ವರ್ಷ ಒಬ್ಬರನ್ನೇ ಕಳಿಸಿದ್ದು ನನ್ನ ತಪ್ಪು. ಹಾಗೆಂದೇ ಬರೆಯಬಹುದಿತ್ತು. ನೀವು ಅದನ್ನು ಅವರ ಗುಣದ ಮಾತಾಗಿ ಮಾಡಿದಿರಿ. ಈ ಕೆಲಸದಿಂದ ನಿಮ್ಮನ್ನು ಪೂರ್ತಿ ತೆಗೆಯುತ್ತಿದ್ದೇನೆ. ಹಿಂದಿನ ವರ್ಷ ನೀವು ನೋಡಿದ ಕ್ಯಾಂಟೀನ್ ಬಿಲ್ಲುಗಳನ್ನು ನಾನೇ ಮತ್ತೆ ನೋಡುತ್ತೇನೆ."

"ತಿದ್ದಿದ ಟಿಪ್ಪಣಿಯನ್ನು ಎಲ್ಲರೆದುರು ನಾನು ಓದಬಹುದೇ?"

"ಓದಿ."

ಅವನೇ ಬರೆದ, ಅವನೇ ಓದಿದ. ಕಾರ್ಖಾನೆ ಸರೋಜಿನಿಗೆ, ಡಿಪೊ ಇನ್ನೊಬ್ಬ ಗುಮಾಸ್ತ ಹರಿದಾಸನಿಗೆ, ಸಿನ್ನರದ ಗೋದಾಮು ವಿಶ್ವನಾಥಪ್ಪನವರಿಗೆ. ಸಲುಗೆಯ ಮಾತು ಹೋಗಿ, 'ಹಲವು ವರ್ಷಗಳಿಂದ ಒಬ್ಬರೇ ಹೋಗುತ್ತಿರುವುದರಿಂದ ಬದಲಾವಣೆ' ಎಂಬ ಸಾಲು ಬಂದಿತ್ತು. ಹೊಸದೊಂದು ಪ್ಯಾರಾ ಸೇರಿತ್ತು. ಕ್ಯಾಂಟೀನ್ ಗುತ್ತಿಗೆದಾರರು ನಮ್ಮ ಮ್ಯಾನೇಜರರ ಸೋದರಮಾವ. ಅದನ್ನು ಮ್ಯಾನೇಜರರು ಸಕಾಲದಲ್ಲಿ ತಿಳಿಸಲಿಲ್ಲ. ಅವರನ್ನು ಈ ಆಡಿಟ್‌ನಿಂದ ಕೈಬಿಡಲಾಗಿದೆ. ಆ ಪ್ಯಾರಾವನ್ನೂ ಅವನು ಕೊನೆಯವರೆಗೆ ಓದಿದ. ಸರೋಜಿನಿ ಪೆನ್ನಿನ ತುದಿ ನೋಡುತ್ತ ಕುಳಿತಳು.

"ಯಾರಿಗಾದರೂ ಏನಾದರೂ ಕೇಳಲಿಕ್ಕಿದೆಯೇ?" ಎಂದರು ಭಾಲೇರಾವ್.

ವಿಶ್ವನಾಥಪ್ಪನವರು ಕೇಳಿದರು: ಸಿನ್ನರಕ್ಕೆ ಹಿಂದಿನ ದಿನವೇ ಹೋಗಿ ಉಳಿಯುವುದೋ, ಬೆಳಗಿನ ಎಸ್.ಟಿ. ಬಸ್ಸಿಗೆ ಹೋದರೆ ಸಾಕೋ?

ಜೂನ್ ಮೂವತ್ತರಂದು ಮೂವರೂ ಮೂರು ಕಡೆ ಇದ್ದರು. ಜಯಕರ ಕಚೇರಿಯಲ್ಲಿ ಯಾವುದೋ ಸಹಕಾರಿ ಸಂಘದ ವೋಚರುಗಳನ್ನು ನೋಡುತ್ತ ಕುಳಿತಿದ್ದ. ಮಧ್ಯಾಹ್ನದ ಮೇಲೆ ಔರಂಗಾಬಾದಿನಿಂದ ಟ್ರಂಕ್ ಕಾಲ್ ಬಂತು. ಸಾಹೇಬರು ಒಳಗಿನಿಂದ ಹರಿದಾಸನೊಂದಿಗೆ ಮಾತಾಡಿದರು. ಡಿಪೊದ ಎಣಿಕೆ ತಾಳೆಯಾಗಿತ್ತು. ಅದು ತಾಳೆಯಾಗದೆ ಹೋಗಿದ್ದರೆ ತಾನು ಬರೆದದ್ದಕ್ಕೆ ಒಂದು ಆಧಾರವಾದರೂ ಇರುತ್ತಿತ್ತು ಎಂಬ ಯೋಚನೆ ಜಯಕರನಲ್ಲಿ ಸುಳಿಯಿತು. ಹಾಗೆ ಯೋಚಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಹೊರಗೆ ಮಳೆ ಶುರುವಾಗಿತ್ತು. ಸಿನ್ನರದಿಂದ ಇನ್ನೂ ಸುದ್ದಿ ಬಂದಿರಲಿಲ್ಲ. ಕೇಳುವ ಹಕ್ಕು ಅವನಿಗಿರಲಿಲ್ಲವಾದ್ದರಿಂದ ಅವನು ಮುಂದಿನ ವೋಚರು ತಿರುವಿದ.