ಅತ್ತಿಗೆ ಬಿಟ್ಟುಕೊಟ್ಟ ಪ್ರಶ್ನೆ

ಹೈನುಗಾರರ ತರಬೇತಿಯಲ್ಲಿ ಅತ್ತಿಗೆ ಮೇವಿನ ಬಗ್ಗೆ, ನಾದಿನಿ ಕೆಚ್ಚಲುಬಾವಿನ ಬಗ್ಗೆ ಮಾತಾಡಬೇಕಿತ್ತು. ಬೆಳಗಿನ ಅಭ್ಯಾಸದಲ್ಲಿ ಅತ್ತಿಗೆ ತಾನು ಹೇಳಿದ್ದನ್ನೆಲ್ಲ ಕೊನೆಗೊಮ್ಮೆ ಮತ್ತೆ ಹೇಳಿದಳು; ನಾದಿನಿ "ಅತ್ತಿಗೆ ಹೇಳಿದ ಹಾಗೆ" ಎಂದು ಅದನ್ನೇ ಇನ್ನೊಮ್ಮೆ ಒಪ್ಪಿಸಿದಳು. ಆ ಊರುಗೋಲಿಲ್ಲದೆ ಅವಳಿಗೆ ಮೊದಲ ಮಾತೇ ಹೊರಡುತ್ತಿರಲಿಲ್ಲ.

"ಮೆಲುಕು ಹಾಕೋದನ್ನ ಹಸುಗಳಿಗೇ ಬಿಡೋಣ ಕಣೇ," ಎಂದಳು ಅತ್ತಿಗೆ. "ನಾನೊಂದು ಪ್ರಶ್ನೆ ಕೇಳಿ ಸುಮ್ಮನಾಗ್ತೀನಿ. ನೀನು ಉತ್ತರದಿಂದಲೇ ಶುರುಮಾಡು."

ಸಭೆಯಲ್ಲಿ ಅತ್ತಿಗೆ ಮೇವಿನ ಮಾತು ಮುಗಿಸಿ ನಾದಿನಿಯತ್ತ ತಿರುಗಿದಳು: "ಇಷ್ಟೆಲ್ಲ ತಿನ್ನಿಸಿದ್ರೂ ಹಸು ಹಾಲು ಕಡಿಮೆ ಮಾಡಿದ್ರೆ ಏನು ನೋಡ್ಬೇಕಮ್ಮ?"

"ಮೊದಲು ಕೆಚ್ಚಲು ಮುಟ್ಟಿ ನೋಡಿ. ಬಿಸಿಯಾಗಿ, ಗಟ್ಟಿಯಾಗಿದ್ರೆ ಬಾವು ಅಂತ ಅನುಮಾನ ಪಡಿ."

ಮುಂದಿನ ಸಾಲಿನ ಹೆಂಗಸರು ಕತ್ತು ಚಾಚಿ ಕೇಳತೊಡಗಿದರು. ತಾನಾಗಲೇ ಮಾತಿನ ನಡುವೆ ಇದ್ದೇನೆಂದು ಗೊತ್ತಾಗಿ ನಾದಿನಿಯ ಉಸಿರು ಹಗುರಾಯಿತು.