ಚಂದ್ರ ಕಾಣುವ ಸಂಜೆಯವರೆಗೆ

ಮಾವನ ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ, ಪೊರಕೆ ಇಡುತ್ತಿದ್ದ ಮೂಲೆಯಲ್ಲಿ, ಸೊಸೆ ಒಂದು ಗಾಜಿನ ಕಪಾಟಿಟ್ಟು ಅತ್ತರು ಮಾರತೊಡಗಿ ವರ್ಷವಾಗುತ್ತ ಬಂದಿತ್ತು. ಈ ಈದ್‌ಗೂ ಅತ್ತರು ಖರ್ಚಾಗದಿದ್ದರೆ ಕಪಾಟು ಎತ್ತಿಸಿ ಅಲ್ಲಿ ಟವೆಲ್ ಜೋಡಿಸುವುದೆಂದು ಮಾವ ಕಡ್ಡಿ ಮುರಿದಂತೆ ಹೇಳಿದ್ದರು.

ಹಬ್ಬದ ಆಫರಿನ ಬೋರ್ಡು ಬರೆಯುವ ಕೆಲಸ ಸೊಸೆಯದು. ಮೊದಲು ಕೆಂಪಕ್ಷರದಲ್ಲಿ ‘ಈದ್ ಧಮಾಕಾ’ ಎಂದು ಬರೆದಳು. ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದ ಟೈಲರ್ ಚಾಚಾ ಸೂಜಿಗೆ ದಾರ ಪೋಣಿಸುತ್ತಲೇ ನಕ್ಕರು.

“ತಿಂಗಳಿಡೀ ಉಪವಾಸ ಇದ್ದು ಮಾಡೋ ಹಬ್ಬ ಕಣಮ್ಮ. ಬಾಗಿಲಲ್ಲೇ ಪಟಾಕಿ ಹಚ್ಚಬೇಡ. ಮನೆಗೆ ಕರೆಯೋ ಹಾಗೆ ಕರಿ.”

ಅವಳು ಒರೆಸಿ ಮತ್ತೆ ಬರೆದಳು: ‘ಈದ್ ಆಚರಿಸುವವರಿಗೆ ಪ್ರೀತಿಯ ಶುಭಾಶಯ. ಹಬ್ಬದ ಮನೆಗೆ ಹೋಗುವವರಿಗೂ, ಸುಮ್ಮನೆ ಹೊಸ ಬಟ್ಟೆಯ ಆಸೆಯಾದವರಿಗೂ ಇದೇ ರಿಯಾಯಿತಿ ಬೆಲೆ. ಎರಡು ಜೊತೆ ಬಟ್ಟೆಗೆ ಒಂದು ಪುಟ್ಟ ಅತ್ತರು ಉಚಿತ, ಅದರಲ್ಲಿ ಆಲ್ಕೋಹಾಲ್ ಇಲ್ಲ. ಚಂದ್ರ ಕಾಣುವ ಸಂಜೆಯವರೆಗೆ.’

ಮಾವ ಕನ್ನಡಕ ಏರಿಸಿ ಓದಿದರು. ಎದುರಂಗಡಿಯ ಬ್ಯಾನರಿನಲ್ಲಿ ತಾರೀಖು ಅಚ್ಚಾಗಿದೆ, ಇಲ್ಲಿ ಎಲ್ಲಿ ಎಂದು ಕೇಳಿದರು. ಚಂದ್ರ ಯಾವ ಸಂಜೆ ಕಾಣುತ್ತಾನೋ ಮೊದಲೇ ಹೇಳಲಾಗದು ಎಂದಳು ಸೊಸೆ.

“ಅವನು ಬರ್ದೇ ಹೋದ್ರೆ ನಾನು ವರ್ಷವಿಡೀ ರಿಯಾಯಿತಿ ಕೊಡ್ತಾ ಕೂರ್ಲಾ?”

“ಒಂದೇ ದಿನದ ಹೆಚ್ಚುಕಮ್ಮಿ ಸಾಹುಕಾರ್ರೇ,” ಎಂದರು ಚಾಚಾ. “ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ಕಾಣದಿದ್ರೆ ಮೂವತ್ತು. ಅದರ ಮೇಲೆ ಇಲ್ಲ.”

ಮಾವ ಗೊಣಗಿಕೊಂಡೇ ಒಪ್ಪಿದರು.

ಇಪ್ಪತ್ತೊಂಬತ್ತರ ಸಂಜೆ ಬೀದಿಗೆ ಬೀದಿಯೇ ತಲೆಯೆತ್ತಿ ಪಡುವಣವನ್ನು ನೋಡಿತು. ಮೋಡ ಸರಿಯಲಿಲ್ಲ. ಎಲ್ಲೂ ಚಂದ್ರ ಕಂಡ ಸುದ್ದಿಯಿಲ್ಲ. ಮೇಲಿನವನು ಭಕ್ತರಿಗೆ ಇನ್ನೊಂದು ದಿನದ ಉಪವಾಸ ಕೊಟ್ಟ, ವ್ಯಾಪಾರಿಗಳಿಗೆ ಇನ್ನೊಂದು ಹಗಲು.

ಬೆಳಗ್ಗೆ ಎದುರಂಗಡಿಯವರು ತಾರೀಖು ಮುಗಿಯಿತೆಂದು ಬ್ಯಾನರ್ ಬಿಚ್ಚಿದರು. ಇತ್ತ ಸೊಸೆಯ ಬೋರ್ಡು ಇನ್ನೂ ಕರೆಯುತ್ತಿತ್ತು. ಬಿಡುವಾಗದೆ ಉಳಿದವರು, ಮಗುವಿನ ಅಳತೆ ತಪ್ಪಿ ಕೊಂಡಿದ್ದವರು, ಅತ್ತಿಗೆಯ ಮಗಳನ್ನು ಮರೆತಿದ್ದವರು, ಎಲ್ಲರೂ ಹೊಳೆ ತಿರುಗಿದಂತೆ ಒಳಗೆ ಬಂದರು. ಉಚಿತದ ಅತ್ತರು ಮೂಸಿದವರು ದೊಡ್ಡ ಸೀಸೆ ಕೇಳಿದರು. ಚಾಚಾ ಅಂಚು ಹೊಲಿದೂ ಹೊಲಿದೂ ಬೆನ್ನು ಹಿಡಿದುಕೊಂಡರು.

ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದ ನರ್ಸೊಬ್ಬಳು ಬಾಗಿಲಲ್ಲಿ ತಡೆದು ನಿಂತಳು. ಜೊತೆಯಲ್ಲಿ ಕೆಲಸ ಮಾಡುವ ಗೆಳತಿಗೆ ಉಡುಗೊರೆ ಬೇಕಂತೆ. ತಾನು ಈ ಹಬ್ಬ ಮಾಡುವವಳಲ್ಲ, ತನಗೂ ಈ ಬೆಲೆಯೇ ಎಂದು ಸಂಕೋಚದಿಂದ ಕೇಳಿದಳು.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಾವನೇ ಹೇಳಿದರು: “ಬೋರ್ಡು ಓದ್ಲಿಲ್ವೇನಮ್ಮ? ಹಬ್ಬದ ಮನೆಗೆ ಹೋಗೋರಿಗೂ ಅಂತಿದೆ. ನಮ್ಮ ಸೊಸೆ ಬರೆದಿರೋದು.”

ಸಂಜೆ ಚಂದ್ರ ಉಗುರಿನ ತುದಿಯಷ್ಟು ಕಂಡ. ಅಷ್ಟು ಹೊತ್ತಿಗೆ ಗಾಜಿನ ಕಪಾಟಿನಲ್ಲಿ ಉಳಿದದ್ದು ಪರಿಮಳ ಮಾತ್ರ. ಸೊಸೆ ಬೋರ್ಡು ಒರೆಸಿ ಒಳಗೆ ಬಂದಾಗ ಮೆಟ್ಟಿಲ ಕೆಳಗಿನ ಮೂಲೆ ಖಾಲಿಯಾಗಿತ್ತು. ತಿರುಗಿದರೆ, ಮಾವ ಮತ್ತು ಚಾಚಾ ಏದುಸಿರು ಬಿಡುತ್ತ ಕಪಾಟನ್ನು ಮುಂಬಾಗಿಲ ಬಲಗಡೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಇಳಿಸುತ್ತಿದ್ದರು.

“ನೋಡ್ತಾ ನಿಂತ್ಕೋಬೇಡ,” ಎಂದರು ಮಾವ. “ಸೊಟ್ಟಗಿದೆಯಾ ಹೇಳು.”