ತಾರಕ್ಕನ ಸ್ಕೇಲು

ತಾರಕ್ಕ ಎನ್ನುವುದು ಅವಳ ಹೆಸರಲ್ಲ, ಬಿರುದು. ತಾರಸ್ಥಾಯಿಯಲ್ಲಿ ಗಂಟಲು ಬಿಟ್ಟರೆ ಸಭಾಂಗಣದ ಕೊನೆಯ ಸಾಲಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು, ಹಾಗಾಗಿ ಬಂದ ಬಿರುದು. ಥೈರಾಯ್ಡ್ ಗಂಟು ತೆಗೆಸಿಕೊಂಡು ಬಂದ ಮೇಲೆ ಮೇಲಿನ ಸ್ವರಗಳು ಆಸ್ಪತ್ರೆಯಲ್ಲೇ ಉಳಿದುಬಿಟ್ಟವು. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗುವ ಅವಳ ಕೆಲಸಕ್ಕೆ ಅದರಿಂದ ತೊಂದರೆಯಾಗಲಿಲ್ಲ. ಬಸ್ಸು ಕೂಗಲು ಎರಡು ಸ್ವರ ಸಾಕು. ಆದರೆ ಅವಳು ಹಾಡುವ ಆರ್ಕೆಸ್ಟ್ರಾದ ಡ್ರಮ್ಮಿನವನು ಬಾಯಿ ತಡೆಯಲಾರದೆ ಅವಳನ್ನು ಒಮ್ಮೆ ಮಂದ್ರಕ್ಕ ಎಂದು ಕರೆದ. ಅವಳೂ ಎಲ್ಲರ ಜೊತೆ ನಕ್ಕಳು, ಮನೆಗೆ ಹೋಗಿ ಅತ್ತಳು.

ಆರ್ಕೆಸ್ಟ್ರಾದ ವಾರ್ಷಿಕ ಕಾರ್ಯಕ್ರಮ ಭಾನುವಾರ. ಅದರ ಕೊನೆಯ ಹಾಡು ಯಾವಾಗಲೂ ಅವಳದೇ. ಅವಳದೇ ಎಂದರೆ ಹಾಡುವುದಷ್ಟೇ ಅಲ್ಲ, ಸಾಹಿತ್ಯವೂ ಧಾಟಿಯೂ ಅವಳವೇ. ಮದುವೆಗೆ ಮುಂಚೆ, ಹೊಲಿಗೆ ಮಷೀನಿನ ಮುಂದೆ ಕೂತು ಕಟ್ಟಿದ ಹಾಡು. ಸೈಕಲ್ ಅಂಗಡಿಯ ಮಹಡಿಯಲ್ಲಿನ ಪ್ರಾಕ್ಟೀಸ್ ಕೋಣೆಯಲ್ಲಿ ಆ ಹಾಡಿನ ತುದಿಯ ಸ್ವರ ಹಿಡಿಯಲು ಹೋಗಿ ಅವಳ ಗಂಟಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟಿತು.

ಆರ್ಕೆಸ್ಟ್ರಾ ನಡೆಸುವ ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

"ಇದನ್ನ ಹೊಸ ಹುಡುಗಿ ಹಾಡ್ಲಿ. ನೀನು ಬೇರೆ ಯಾವ್ದಾದ್ರೂ ಚಿಕ್ಕದು ಹಾಡು."

"ಸ್ಕೇಲ್ ಇಳಿಸಿ ಮೇಷ್ಟ್ರೇ, ಕೆಳಗಿನ ಶ್ರುತಿಯಲ್ಲಿ ನಾನೇ ಹಾಡ್ತೀನಿ."

"ಸ್ಕೇಲ್ ಇಳಿಸೋದಾ? ನಮ್ಮ ಆರ್ಕೆಸ್ಟ್ರಾ ಅಂದ್ರೆ ಒರಿಜಿನಲ್ ಸ್ಕೇಲು. ಜನ ಬರೋದೇ ಅದಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ."

ತಿಂಗಳಿಗೆರಡು ಸಲ ತಲೆಗೆ ಕಪ್ಪು ಬಣ್ಣ ಹಚ್ಚಿಕೊಳ್ಳುವ ಮನುಷ್ಯ ಒರಿಜಿನಲ್ ಬಗ್ಗೆ ಮಾತಾಡುವುದು ಕೇಳಿ ತಾರಕ್ಕನಿಗೆ ಮೈ ಉರಿಯಿತು. "ಮುಂದಿನ ಪ್ರಾಕ್ಟೀಸ್‌ವರೆಗೆ ಟೈಮ್ ಕೊಡಿ. ಆಗ್ಲಿಲ್ಲ ಅಂದ್ರೆ ನಾನೇ ಬಿಟ್ಕೊಡ್ತೀನಿ," ಎಂದು ಹೇಳಿ ಮೆಟ್ಟಿಲಿಳಿದಳು. ಹೊಸ ಹುಡುಗಿ ಕಿಟಕಿಯ ಹತ್ತಿರ ನೆಲ ನೋಡುತ್ತಾ ನಿಂತಿದ್ದಳು.

ಮನೆಯಲ್ಲಿ ಅತ್ತೆ ಇದ್ದರು. ಅತ್ತೆ ಎಂದರೆ ಬರೀ ಅತ್ತೆಯಲ್ಲ. ಶಾಲೆಯಲ್ಲಿ ಸಂಗೀತ ಟೀಚರಾಗಿದ್ದು ನಿವೃತ್ತರಾದವರು, ಇದೇ ಆರ್ಕೆಸ್ಟ್ರಾದ ಗಿಟಾರೂ ಅವರೇ. ಅವತ್ತು ಹಲ್ಲುನೋವೆಂದು ಪ್ರಾಕ್ಟೀಸ್‌ಗೆ ಹೋಗಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ, ಈ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬಂದಿತ್ತು. ಸೊಸೆಗೆ ಗಂಟಲು, ಅತ್ತೆಗೆ ತೋರುಬೆರಳು. ಅದು ಗಂಟುಕಟ್ಟಿ ಬಗ್ಗದಂತಾಗಿತ್ತು. ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡುಗಳಲ್ಲಿ, ಒಂದೇ ಬೆರಳಿಂದ ಆರೂ ತಂತಿ ಒತ್ತಬೇಕಾದವು ಅವರಿಗೆ ಆಗುತ್ತಿರಲಿಲ್ಲ.

ವಿಷಯ ಕೇಳಿ ಅತ್ತೆ ಕೆನ್ನೆಯ ಮೇಲಿನ ಬಟ್ಟೆ ಬಿಚ್ಚಿ ಎಸೆದರು. "ಅವನ ಹಾಸಿಗೆಗೆ ಇಷ್ಟು ಬೆಂಕಿ ಬೀಳ. ಬಾ ಇಲ್ಲಿ, ನಿನ್ನ ಗಂಟಲು ಎಲ್ಲಿಂದ ಎಲ್ಲಿಗಿದೆ ನೋಡೋಣ."

ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗಿಟಾರಿನಲ್ಲಿ ಒಂದೊಂದೇ ಸ್ವರ ಮೀಟಿದರು, ತಾರಕ್ಕ ಅದನ್ನೇ ಹಾಡಿದಳು. ಗಿಟಾರಿನ ಕತ್ತಿನ ಮೇಲೆ ಎರಡು ಲೋಹದ ಪಟ್ಟಿಗಳ ನಡುವಿನ ಜಾಗವೇ ಮನೆ, ಒಂದೊಂದು ಮನೆಗೂ ಸ್ವರ ಅರ್ಧ ಮೆಟ್ಟಿಲು ಏರುತ್ತದೆ. ಕೆಳಗೆ ಮೂರನೇ ತಂತಿಯ ಎರಡನೇ ಮನೆಯವರೆಗೆ ದನಿ ನಿಂತಿತು, ಅದರ ಕೆಳಗೆ ಬರೀ ಗಾಳಿ. ಮೇಲೆ ಮೊದಲ ತಂತಿಯ ಏಳನೇ ಮನೆಯವರೆಗೆ ದುಂಡಗೆ ಬಂತು, ಎಂಟನೇ ಮನೆಯಲ್ಲಿ ಒಡೆಯಿತು. ಇನ್ನೊಂದು ಸಲ, ಮತ್ತೊಂದು ಸಲ. ಎಂಟನೆಯದು ಒಡೆಯುತ್ತಲೇ ಇತ್ತು.

"ಗಿಟಾರಿನ ಲೆಕ್ಕದಲ್ಲಿ ಎ ಸ್ವರದಿಂದ ಮೇಲಿನ ಬಿ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ," ಎಂದರು ಅತ್ತೆ. "ನಿನ್ನ ಹಾಡು ಎಲ್ಲಿಂದ ಎಲ್ಲಿಗೆ?"

"ಕೆಳಗಿನ ಷಡ್ಜದಿಂದ ಮೇಲಿನ ರಿಷಭ."

"ಈಗಿರೋ ಸ್ಕೇಲು ಸಿ. ಅಂದ್ರೆ ಸಿ ಇಂದ ಮೇಲಿನ ಡಿ." ಅತ್ತೆ ಮೊದಲ ತಂತಿಯ ಹತ್ತನೇ ಮನೆ ಒತ್ತಿ ತೋರಿಸಿದರು. "ಹತ್ತರಿಂದ ಏಳಕ್ಕೆ ಬರ್ಬೇಕು. ಮೂರು ಮನೆ ಕೆಳಗೆ. ಹಾಡು ಪೂರ್ತಿ ಮೂರು ಮನೆ ಇಳಿದ್ರೆ ಷಡ್ಜ ಎ ಆಗತ್ತೆ, ರಿಷಭ ಬಿ ಆಗತ್ತೆ. ನೋಡು, ನಿನ್ನ ಅಳತೆ ತಗೊಂಡೇ ಹೊಲಿದ ಹಾಗಿದೆ!"

ತಾರಕ್ಕನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. "ಹಾಗಾದ್ರೆ ತಂತಿಗಳ ಮೇಲೆ ಕಚ್ಚಿಸ್ತೀರಲ್ಲ, ಆ ಕ್ಲಿಪ್ ಹಾಕಿ ಮೂರು ಮನೆ ಇಳಿಸಿಬಿಡಿ ಅತ್ತೆ."

"ಕ್ಯಾಪೋನಾ? ಹುಚ್ಚಿ, ಕ್ಯಾಪೋಗೆ ಏರಿಸೋದು ಗೊತ್ತೇ ಹೊರತು ಇಳಿಸೋದು ಗೊತ್ತಿಲ್ಲ. ತಂತಿನ ಅಡ್ಡ ಒತ್ತಿ ಹಿಡಿದ್ರೆ ತಂತಿ ಗಿಡ್ಡ ಆಗತ್ತೆ. ಗಿಡ್ಡ ಆದ್ರೆ ಸ್ವರ ಮೇಲಕ್ಕೇ ಹೋಗೋದು."

"ಹಾಗಾದ್ರೆ ಸೀದಾ ಎ ನಲ್ಲೇ ನುಡಿಸಿ."

ಅತ್ತೆ ಆ ಬಗ್ಗದ ಬೆರಳನ್ನು ಎತ್ತಿ ತೋರಿಸಿದರು. ಎ ಸ್ಕೇಲಿನಲ್ಲಿ ಒಂದು ಮೈನರ್ ಕಾರ್ಡು ಬರುತ್ತದೆ, ಅದಕ್ಕೆ ತೋರುಬೆರಳನ್ನು ಅಡ್ಡ ಮಲಗಿಸಲೇಬೇಕು. ಒಲೆಯ ಮೇಲಿನ ನೀರು ಕುದಿದು ಅರ್ಧವಾಯಿತು.

ಆಮೇಲೆ ಅತ್ತೆ ಜಿ ಕಾರ್ಡು ಹಿಡಿದರು. "ಮೂರಲ್ಲ, ಮೊದಲು ಐದು ಮನೆ ಇಳಿಯೋಣ. ಜಿ ಸ್ಕೇಲಿನ ಕಾರ್ಡು ನಾಲ್ಕೂ ಈ ಕೈಗೆ ಸಲೀಸು. ನಿನಗದು ಎರಡು ಮನೆ ಕೆಳಗಾಯ್ತು, ಅಲ್ವಾ? ಆ ಎರಡನ್ನ ಕ್ಯಾಪೋ ಎತ್ತತ್ತೆ." ಎರಡನೇ ಮನೆಯ ಲೋಹದ ಪಟ್ಟಿಗೆ ಒತ್ತಿ ಕ್ಲಿಪ್ ಕಚ್ಚಿಸಿ, ಒಂದು ತಂತಿ ಗೊರಗುಟ್ಟಿದ್ದಕ್ಕೆ ಸ್ವಲ್ಪ ಸರಿಸಿ, ಮತ್ತೆ ಶ್ರುತಿ ನೋಡಿ ಮೀಟಿದರು. ಕೈ ಹಿಡಿದದ್ದು ಜಿ, ಹೊರಟದ್ದು ಎ.

ತಾರಕ್ಕ ಹಾಡಿದಳು. ತುದಿಯ ಸ್ವರ ಬಂದಾಗ ಕಣ್ಣು ಮುಚ್ಚಿ ಕಾದಳು. ಅದು ಒಡೆಯಲಿಲ್ಲ. ಹಳೆಯ ದನಿಯಂತೆ ಮಿಂಚಲೂ ಇಲ್ಲ. ಸ್ವಲ್ಪ ಒರಟಾಗಿ, ಹತ್ತಿರದಲ್ಲಿ ನಿಂತು ಮಾತಾಡಿದ ಹಾಗೆ ಬಂತು. ಅವಳಿಗೇ ಅದು ಇಷ್ಟವಾಯಿತು.

ಮುಂದಿನ ಪ್ರಾಕ್ಟೀಸ್‌ಗೆ ಇಬ್ಬರೂ ಯುದ್ಧಕ್ಕೆ ಹೊರಟವರಂತೆ ಮೆಟ್ಟಿಲು ಹತ್ತಿದರು. ಅತ್ತೆ ಕ್ಲಿಪ್ ಹಾಕಿಕೊಂಡು, ಗಿಟಾರ್ ಹೆಗಲಿಗೇರಿಸಿ, ಕೀಬೋರ್ಡಿನವನಿಗೆ ಹೇಳಿದರು: "ಜಿ ಕಣೋ."

ಅವನು ಯಾವ ಹಾಡನ್ನೂ ಸಿ ನಲ್ಲಿ ಮಾತ್ರ ನುಡಿಸಬಲ್ಲ, ಉಳಿದದ್ದು ಸ್ಕೇಲ್ ಬದಲಿಸುವ ಬಟನ್ ನೋಡಿಕೊಳ್ಳುತ್ತದೆ. ಬಟನ್ ಒತ್ತಿ ಐದು ಮನೆ ಇಳಿಸಿದ. ಗಿಟಾರು ಒಂಟಿಯಾಗಿ ಶುರುವಾಯಿತು, ತಾರಕ್ಕ ಮೊದಲ ಸಾಲು ಎತ್ತಿದಳು, ಕೀಬೋರ್ಡು ಸೇರಿಕೊಂಡಿತು. ಸೇರಿಕೊಂಡಿತು ಎಂದರೆ ಎತ್ತು ಏರಿಗೆ, ಕೋಣ ನೀರಿಗೆ. ಅವಳ ದನಿ ನಡುವೆ ಸಿಕ್ಕಿ ಅತ್ತಿತ್ತ ಜಾರಿತು.

"ಮುಗೀತಾ?" ಎಂದರು ಮೇಷ್ಟ್ರು. "ಇಳಿಸಿ ಕೊಟ್ರೂ ಶ್ರುತಿ ನಿಲ್ತಾ ಇಲ್ಲ."

ಒಂದು ಕ್ಷಣ ತಾರಕ್ಕನೂ ಅದನ್ನೇ ನಂಬಿದಳು. ಗಂಟಲು ಹೋದವಳಿಗೆ ತಪ್ಪೆಲ್ಲ ತನ್ನದೇ ಅನಿಸುವ ಚಟ ಅಂಟಿಕೊಂಡಿರುತ್ತದೆ. ಆಮೇಲೆ ಕಿವಿ ಎಚ್ಚರವಾಯಿತು.

"ನಾನು ಸರಿಯಾಗೇ ಇದ್ದೆ. ಕೀಬೋರ್ಡು ಕೆಳಗಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕೇ ಇದೆ ಮೇಷ್ಟ್ರೇ, ಬನ್ನಿ ತೋರಿಸ್ತೀನಿ. ಅತ್ತೆ, ಬರೀ ಷಡ್ಜ ಮೀಟಿ." ಗಿಟಾರಿಗೆ ಸರಿಯಾಗಿ ದನಿ ನಿಲ್ಲಿಸಿದಳು. ಕದಲಲಿಲ್ಲ. "ಈಗ ನೀನು ನಿನ್ನ ಷಡ್ಜ ಒತ್ತು." ಕೀಬೋರ್ಡು ಎರಡು ಮನೆ ಕೆಳಗೆ ಕೂಗಿತು. ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. "ನನ್ನ ಗಂಟಲು ಕಿರಿದಾಗಿದೆ ಮೇಷ್ಟ್ರೇ, ಕಿವಿ ಅಲ್ಲ."

ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಜಿ ಹಿಡೀತೀನಿ ಅಂತ ಜಿ ಅಂದ್ಬಿಟ್ಟೆ. ಕ್ಯಾಪೋ ಹಾಕಿದ ಮೇಲೆ ಹೊರಡೋದು ಎ ಅಲ್ವಾ? ತಪ್ಪು ನಂದು, ಅವಳದ್ದಲ್ಲ. ಮೂರು ಇಳಿಸೋ ಸಾಕು."

ಅವನು ಮೂರಕ್ಕೆ ತಂದ. ಈ ಸಲ ಹಾಡು ಮೊದಲಿಂದ ಕೊನೆಯ ಚರಣದವರೆಗೆ ನೆಟ್ಟಗೆ ನಡೆಯಿತು. ಮಂದ್ರಕ್ಕ ಎಂದಿದ್ದ ಡ್ರಮ್ಮಿನವನು ಕೋಲು ತೊಡೆಯ ಮೇಲಿಟ್ಟು, "ತಾರಕ್ಕಾ, ಇದು ಹೀಗೂ ಇತ್ತಾ?" ಎಂದ.

ಮೇಷ್ಟ್ರು ಅಷ್ಟಕ್ಕೇ ಸೋಲುವವರಲ್ಲ. "ಸರಿ. ಆದ್ರೆ ಕೊನೇ ಚರಣಕ್ಕೆ ಒಂದು ಮನೆ ಏರೋದು ನಮ್ಮ ಪದ್ಧತಿ. ಚಪ್ಪಾಳೆ ಬೀಳೋದೇ ಅಲ್ಲಿ. ಅದನ್ನ ಏರಿಸ್ತೀಯಾ?"

ಏಳನೇ ಮನೆಯ ಮೇಲೆ ಎಂಟನೆಯದು. ಅದು ಒಡೆಯುವ ಸ್ವರ. "ಏರಲ್ಲ," ಎಂದಳು.

"ಹಾಗಾದ್ರೆ ಕೊನೇ ಚರಣ ಹುಡುಗಿ ಹಾಡ್ತಾಳೆ."

"ಕೊನೇ ಚರಣಾನೂ ನಾನೇ. ಏರದೇ."

"ಸ್ಟೇಜಲ್ಲಿ ನನ್ನ ಕೈ ನೋಡು," ಎಂದರು ಮೇಷ್ಟ್ರು, ಮಾತು ಮುಗಿಸುವ ದನಿಯಲ್ಲಿ.

ಭಾನುವಾರ ಸಭಾಂಗಣ ತುಂಬಿತ್ತು. ಎರಡನೇ ಮೈಕಿನ ಮುಂದೆ ಹೊಸ ಹುಡುಗಿಯನ್ನು ನಿಲ್ಲಿಸಿದ್ದರು. ತಾರಕ್ಕ ಹಾಡು ಎತ್ತಿದಾಗ ಜನರಲ್ಲಿ ಗುಸುಗುಸು ಎದ್ದಿತು, ಅವರ ಕಿವಿಗೆ ಹಳೆಯ ಎತ್ತರದ ಅಭ್ಯಾಸ. ಎರಡನೇ ಚರಣದ ಹೊತ್ತಿಗೆ ಗುಸುಗುಸು ನಿಂತಿತು. ಅವಳ ದನಿ ನಡುಗಲಿಲ್ಲ.

ಕೊನೆಯ ಚರಣಕ್ಕೆ ಮುಂಚೆ ಮೇಷ್ಟ್ರು ಹೆಬ್ಬೆರಳು ಎತ್ತಿದರು. ಕೀಬೋರ್ಡಿನವನು ಅಭ್ಯಾಸಬಲದಿಂದ ಬಟನ್ ಒತ್ತಿ ಒಂದು ಮನೆ ಏರಿದ. ಗಿಟಾರು ಏರಬೇಕಾದರೆ ಅತ್ತೆ ಕ್ಲಿಪ್ಪನ್ನು ಮೂರನೇ ಮನೆಗೆ ಸರಿಸಬೇಕು. ಅತ್ತೆ ಮೇಷ್ಟ್ರ ಮುಖವನ್ನೇ ನೋಡುತ್ತಾ ಕ್ಲಿಪ್ಪಿನ ಮೇಲೆ ಕೈಯಿಟ್ಟರು, ಸರಿಸಲಿಲ್ಲ. ಇನ್ನೊಂದು ಕೈಯಿಂದ ತಂತಿಗಳನ್ನು ಅದುಮಿ ಹಿಡಿದರು.

ಏರಿದ ಕೀಬೋರ್ಡು ಒಂದೇ ಒಂದು ಸಲ ಒರಲಿತು. ತಾರಕ್ಕ ಅದನ್ನು ಕಿವಿಗೆ ಹಾಕಿಕೊಳ್ಳದೆ ತನ್ನ ಎ ನಲ್ಲೇ ಚರಣ ಎತ್ತಿದಳು. ಕೀಬೋರ್ಡಿನವನು ಸುಟ್ಟುಕೊಂಡವನಂತೆ ಕೈ ತೆಗೆದ. ಡ್ರಮ್ಮು ತಾನಾಗಿ ನಿಂತಿತು. ಮೇಷ್ಟ್ರು ಹುಡುಗಿಗೆ ಸನ್ನೆ ಮಾಡಿದರು, ಮತ್ತೆ ಮಾಡಿದರು. ಹುಡುಗಿ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಂತಳು.

ಜೊತೆಗೆ ಏನೂ ಇಲ್ಲದೆ, ಬರೀ ಒಂಬತ್ತು ಸ್ವರಗಳ ಗಂಟಲಲ್ಲಿ, ತಾರಕ್ಕ ತನ್ನ ಹಾಡನ್ನು ಕೊನೆಯವರೆಗೆ ಹಾಡಿದಳು. ತುದಿಯ ಬಿ ತಲುಪಿದಳು, ಅಲ್ಲಿಂದ ಒಂದೊಂದೇ ಇಳಿದು ಷಡ್ಜಕ್ಕೆ ಬಂದಳು. ಆಗ ಅತ್ತೆ ಕೈ ಬಿಟ್ಟು ಒಂದು ಕಾರ್ಡು ಮೀಟಿದರು. ದನಿಗೂ ತಂತಿಗೂ ಕೂದಲಷ್ಟೂ ಅಂತರವಿರಲಿಲ್ಲ. ಸಭಾಂಗಣದಲ್ಲಿ ಯಾರೋ ಕೆಮ್ಮಿದರು, ಆಮೇಲೆ ಚಪ್ಪಾಳೆ ಬಿತ್ತು. ಮೇಷ್ಟ್ರು ಬೀಳುತ್ತದೆ ಎಂದಿದ್ದ ಜಾಗದಲ್ಲೇ, ಏರದೆ.

ಪರದೆಯ ಹಿಂದೆ ಹುಡುಗಿ ಅವಳ ಪಕ್ಕ ಬಂದು ನಿಂತಳು. "ಅಕ್ಕಾ, ನಂಗೂ ಆ ಸಿ ಎತ್ತರ ಆಗತ್ತೆ. ಹಾಡಿದ ಮಾರನೇ ದಿನ ಗಂಟಲು ಕಟ್ಟತ್ತೆ. ಹೇಳಿದ್ರೆ ತೆಗೆದುಬಿಡ್ತಾರೆ ಅಂತ ಸುಮ್ನಿದ್ದೆ."

"ನಾಳೆ ಮನೆಗೆ ಬಾ," ಎಂದರು ಅತ್ತೆ, ಕ್ಲಿಪ್ ಬಿಚ್ಚುತ್ತಾ. "ನಿನ್ನದೂ ಅಳತೆ ತಗೊಳ್ಳೋಣ."

ಅಷ್ಟರಲ್ಲಿ ಮೇಷ್ಟ್ರು ಬೆವರೊರೆಸುತ್ತಾ ಬಂದರು. ಬೆವರಿಗೆ ಕಿವಿಯ ಹತ್ತಿರದ ಕಪ್ಪು ಬಣ್ಣ ಸ್ವಲ್ಪ ಇಳಿದಿತ್ತು. "ಜನ ಚಪ್ಪಾಳೆ ಹೊಡೆದ್ರು ಅಂತ ನೀನು ಗೆದ್ದೆ ಅಂದ್ಕೋಬೇಡ. ಒರಿಜಿನಲ್ ಸ್ಕೇಲು ಸಿ ನೇ."

ತಾರಕ್ಕ ಮೈಕಿನ ವೈರು ಸುತ್ತಿ ಅವರ ಕೈಗೆ ಕೊಟ್ಟಳು.

"ಹಾಡು ಕಟ್ಟಿದವಳು ನಾನು ಮೇಷ್ಟ್ರೇ. ನನ್ನ ಗಂಟಲು ಎಲ್ಲಿದೆಯೋ ಅದೇ ಒರಿಜಿನಲ್ಲು."